ವಿಮರ್ಶೆಯ ತೀರ್ಪು ಸಾಲಿನ ತುದಿಯಲ್ಲಿ ಅವಿತರೆ

ಆತ್ಮೀಯರೇ,

ಚಲನಚಿತ್ರ ವಿಮರ್ಶೆಯ ಶೀರ್ಷಿಕೆಯನ್ನೂ ಮೊದಲ ಸಾಲನ್ನೂ ಮೊಬೈಲಿನ ಓದುಗರಿಗಾಗಿ ಹೇಗೆ ಬರೆಯಬೇಕು ಎಂಬುದನ್ನು ನಾನೇ ಮಾಡಿದ ಒಂದು ತಪ್ಪಿನಿಂದ ಆರಂಭಿಸುತ್ತೇನೆ. ಹಳ್ಳಿಯೊಂದರ ಕೆರೆ ಒತ್ತುವರಿಯ ಕುರಿತ ಚಿತ್ರಕ್ಕೆ ನಾನು ಕೊಟ್ಟಿದ್ದ ಶೀರ್ಷಿಕೆ ಹೀಗಿತ್ತು: ‘ಚಿತ್ರ ವಿಮರ್ಶೆ: ಕೆರೆಯ ಸುತ್ತ ಹೆಣೆದ ಕಥೆ, ಕೊನೆಯವರೆಗೂ ಹಿಡಿದಿಡುವ ಸಿನಿಮಾ ಎನ್ನಲಾಗದು’. ಕಚೇರಿಯ ಕಂಪ್ಯೂಟರಿನಲ್ಲಿ ಅದು ಪೂರ್ತಿಯಾಗಿ ಕಾಣುತ್ತಿತ್ತು. ಮೊಬೈಲಿಗೆ ಹೋದ ಸೂಚನೆಯಲ್ಲಿ ಮಾತ್ರ ‘ಹಿಡಿದಿಡುವ ಸಿನಿಮಾ’ ಎಂಬಲ್ಲಿಗೆ ಸಾಲು ತುಂಡಾಗಿ, ಮುಂದೆ ಮೂರು ಚುಕ್ಕಿಗಳಷ್ಟೇ ಉಳಿದಿದ್ದವು. ಮರುದಿನ ಓದುಗರೊಬ್ಬರು ಫೋನ್ ಮಾಡಿ, ‘ನೀವು ಚೆನ್ನಾಗಿದೆ ಅಂತ ಬರೆದಿದ್ದನ್ನು ನೋಡಿ ಮನೆಯವರನ್ನೆಲ್ಲ ಕರೆದುಕೊಂಡು ಹೋದೆವಲ್ಲ ಸರ್’ ಎಂದು ನೊಂದುಕೊಂಡರು. ನಾನು ಬರೆದದ್ದು ಅದಕ್ಕೆ ತೀರಾ ವಿರುದ್ಧವಾದದ್ದು. ಆದರೆ ಅವರು ಓದಿದ್ದು ಅದನ್ನೇ.

ಈ ತೊಂದರೆ ಕನ್ನಡದ ವಾಕ್ಯರಚನೆಯಲ್ಲಿಯೇ ಇದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ ಮತ್ತು ನಿಷೇಧವೂ ಅಲ್ಲಿಯೇ ಕೂತಿರುತ್ತದೆ. ‘ನೋಡಲೇಬೇಕಾದ ಚಿತ್ರವೇನೂ ಅಲ್ಲ’ ಎಂಬುದರಲ್ಲಿ ಕೊನೆಯ ಪದಗಳು ಕಾಣದೆ ಹೋದರೆ ಉಳಿಯುವುದು ಹೊಗಳಿಕೆ. ಆದ್ದರಿಂದ ಶೀರ್ಷಿಕೆಯಲ್ಲಿ ‘ಇಲ್ಲ’, ‘ಅಲ್ಲ’, ‘ಲಾಗದು’ ಇವುಗಳ ಮೇಲೆ ತೀರ್ಪಿನ ಭಾರ ಹಾಕಬಾರದು ಎಂಬುದು ನಾನು ಅಂದಿನಿಂದ ಪಾಲಿಸುತ್ತಿರುವ ನಿಯಮ. ‘ಹಿಡಿಸುವುದಿಲ್ಲ’ ಎನ್ನುವ ಬದಲು ‘ಸಪ್ಪೆ’, ‘ನೀರಸ’, ‘ಸಡಿಲ’ ಎನ್ನಬಹುದು. ಒಂದೇ ಪದದಲ್ಲಿ ಅಭಿಪ್ರಾಯವೂ ತಿಳಿಯುತ್ತದೆ, ಕ್ರಿಯಾಪದದ ಹಂಗೂ ಇರುವುದಿಲ್ಲ.

ಇನ್ನು ಆ ಶೀರ್ಷಿಕೆಯನ್ನು ತಿದ್ದುವುದು ಹೇಗೆ? ಮೊದಲು ‘ಚಿತ್ರ ವಿಮರ್ಶೆ’ ಎಂಬ ಹಣೆಪಟ್ಟಿಯನ್ನು ಮುಂಭಾಗದಿಂದ ತೆಗೆಯಬೇಕು. ನಮ್ಮ ಕಣ್ಣಿಗೆ ಅದು ಐದು ಅಕ್ಷರ. ಆದರೆ ಒತ್ತು, ಗುಣಿತಗಳನ್ನು ಬೇರೆ ಬೇರೆಯಾಗಿ ಎಣಿಸುವ ತಂತ್ರಾಂಶಕ್ಕೆ ಅದು, ನಡುವಿನ ಜಾಗವೂ ಸೇರಿ, 13. ಶೀರ್ಷಿಕೆಗೆ ಇಷ್ಟೇ ಅಕ್ಷರ ಎಂಬ ಮಿತಿ ಇರುವಲ್ಲಿ ಕನ್ನಡಕ್ಕೆ ಸಿಗುವ ಜಾಗ ನಾವು ಅಂದುಕೊಂಡದ್ದಕ್ಕಿಂತ ಕಡಿಮೆ. ಚಿತ್ರದ ಹೆಸರನ್ನು ಮಾತ್ರ ಮುಂದೆ ಇಡಲೇಬೇಕು, ಏಕೆಂದರೆ ಓದುಗರು ಹುಡುಕುವುದು ಅದನ್ನೇ.

ಬಳಿಕ, ಚಿತ್ರಮಂದಿರದಿಂದ ಹೊರಬರುವಾಗ ಗೆಳೆಯರು ‘ಹೇಗಿದೆ?’ ಎಂದು ಕೇಳಿದರೆ ಏನು ಹೇಳುತ್ತಿದ್ದೆನೋ ಅದನ್ನು ಬರೆದುಕೊಂಡೆ: ‘ಇಂಟರ್ವಲ್‌ವರೆಗೂ ಚೆನ್ನಾಗಿದೆ, ಆಮೇಲೆ ಎಳೀತಾರೆ.’ ಅದನ್ನೇ ಬಿಗಿ ಮಾಡಿದಾಗ ಹೆಸರಿನ ಮುಂದೆ ನಿಂತದ್ದು ‘ವಿರಾಮದವರೆಗೆ ಬಿಗಿ, ಬಳಿಕ ಸಡಿಲ’. ಇದನ್ನು ನಡುವೆ ಕತ್ತರಿಸಿದರೂ ಅರ್ಥ ತಿರುಗುಮುರುಗಾಗುವುದಿಲ್ಲ, ಏಕೆಂದರೆ ‘ವರೆಗೆ’ ಎಂಬುದು ಹೊಗಳಿಕೆಗಿಂತ ಮೊದಲೇ ಬಂದು ಅದಕ್ಕೆ ಗಡಿ ಹಾಕಿಬಿಟ್ಟಿದೆ. ಪ್ರಾಸಕ್ಕಾಗಿ, ಶ್ಲೇಷೆಗಾಗಿ ತಡಕಾಡುವ ಶೀರ್ಷಿಕೆಗಳು ಈ ಕೆಲಸ ಮಾಡಲಾರವು. ‘ಕೆರೆಯ ಕರೆ’ ಎಂಬುದು ಕಿವಿಗೆ ಇಂಪಾಗಿದ್ದರೂ ಹೋಗಬೇಕೋ ಬೇಡವೋ ಎಂಬುದಕ್ಕೆ ಉತ್ತರ ಕೊಡುವುದಿಲ್ಲ. ಐದರಲ್ಲಿ ಮೂರು ನಕ್ಷತ್ರ ಕೊಟ್ಟರೂ ಅಷ್ಟೇ: ಅರ್ಧ ಚೆನ್ನಾಗಿರುವ ಚಿತ್ರವೂ ಉದ್ದಕ್ಕೂ ಸಾಧಾರಣವಾಗಿರುವ ಚಿತ್ರವೂ ಅಲ್ಲಿ ಒಂದೇ ಆಗಿಬಿಡುತ್ತವೆ.

ಮೊದಲ ಸಾಲಿನ ಕೆಲಸ ಬೇರೆ. ಶೀರ್ಷಿಕೆ ಹೇಳಿದ್ದನ್ನೇ ಅದು ಮತ್ತೆ ಹೇಳಿದರೆ ಸಿಕ್ಕ ಜಾಗ ವ್ಯರ್ಥ. ಅಲ್ಲಿ ಕಾರಣ ಬರಬೇಕು. ನನ್ನ ಹಳೆಯ ಆರಂಭ ‘ಅದೊಂದು ಪುಟ್ಟ ಹಳ್ಳಿ. ಅಲ್ಲೊಂದು ಕೆರೆ’ ಎಂದಿತ್ತು; ಕಥೆ ಹೇಳುವವರಿಗೆ ಇದು ಒಪ್ಪುತ್ತದೆ, ವಿಮರ್ಶಕರಿಗಲ್ಲ. ಅದಕ್ಕಿಂತ ಹೆಚ್ಚಾಗಿ ನಾನು ಕಾಣುವ ದೋಷವೆಂದರೆ ವಿಶೇಷಣಗಳ ಸರಪಳಿ: ‘ಹಲವು ವರ್ಷಗಳ ಬಳಿಕ ಮರಳಿರುವ, ಗ್ರಾಮೀಣ ಬದುಕನ್ನು ಹತ್ತಿರದಿಂದ ಬಲ್ಲ ನಿರ್ದೇಶಕರು ಕಟ್ಟಿಕೊಟ್ಟಿರುವ ಈ ಚಿತ್ರ’ ಎನ್ನುವಷ್ಟರಲ್ಲಿ ಮೊಬೈಲಿನಲ್ಲಿ ಎರಡು ಮೂರು ಸಾಲು ಮುಗಿದಿರುತ್ತವೆ, ತೀರ್ಪು ಇನ್ನೂ ಶುರುವಾಗಿರುವುದಿಲ್ಲ. ತಿದ್ದಿದ ಸಾಲು ಇದು: ‘ಕೆರೆ ಉಳಿಸಲು ಒಂಟಿಯಾಗಿ ನಿಲ್ಲುವ ಮೇಷ್ಟರ ಕಥೆ ಮೊದಲರ್ಧದಲ್ಲಿ ಕುತೂಹಲ ಹುಟ್ಟಿಸುತ್ತದೆ, ದ್ವಿತೀಯಾರ್ಧದಲ್ಲಿ ಮೂರು ಹೊಡೆದಾಟ, ಎರಡು ಹಾಡುಗಳ ನಡುವೆ ಕೆರೆಯೇ ಮರೆತುಹೋಗುತ್ತದೆ.’ ಹಂಚಿಕೊಂಡ ಕೊಂಡಿಯ ಕೆಳಗೆ ಅನೇಕ ಬಾರಿ ಕಾಣುವುದು ಈ ಸಾಲಿನ ಮೊದಲ ಭಾಗವಷ್ಟೇ ಆದ್ದರಿಂದ ‘ಮೊದಲರ್ಧದಲ್ಲಿ’ ಎಂಬ ಪದವನ್ನು ಬೇಕೆಂದೇ ಅಲ್ಲಿ ಇಟ್ಟಿದ್ದೇನೆ.

ಈಗ ನಾನು ಪ್ರಕಟಿಸುವ ಮೊದಲು ಶೀರ್ಷಿಕೆಯನ್ನೂ ಮೊದಲ ಸಾಲನ್ನೂ ನನ್ನದೇ ಫೋನಿಗೆ ಕಳಿಸಿಕೊಂಡು, ಚಿತ್ರ ನೋಡಿರದ ಸಹೋದ್ಯೋಗಿಯೊಬ್ಬರಿಗೆ ಶೀರ್ಷಿಕೆಯ ಮೊದಲ ನಾಲ್ಕು ಪದಗಳನ್ನು ಮಾತ್ರ ತೋರಿಸಿ, ‘ಟಿಕೆಟ್ ತೆಗೆಯುತ್ತೀರಾ?’ ಎಂದು ಕೇಳುತ್ತೇನೆ. ಅವರ ಉತ್ತರ ನನ್ನ ಅಭಿಪ್ರಾಯಕ್ಕೆ ಹೊಂದದಿದ್ದರೆ ಪದಗಳ ಸ್ಥಾನ ಬದಲಿಸಿ ಮತ್ತೊಮ್ಮೆ ಕಳಿಸಿಕೊಳ್ಳುತ್ತೇನೆ.