ಕಣ್ಣಂಚಿನ ಗೆರೆಗೆ ಬೇರೆ ಕ್ರೀಮ್ ಬೇಕಾ?

ಕೇಳುಗರೆಲ್ಲರಿಗೂ ನಮಸ್ಕಾರ.

ಮಳೆಗಾಲದ ಮೊದಲು ಸುರತ್ಕಲ್ ಕಡೆಯ ಒಬ್ಬರು ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ವಯಸ್ಸು 37. ಹಂಪನಕಟ್ಟೆಯಲ್ಲಿ ಬ್ಯಾಂಕ್ ಕೆಲಸ. ಹೋಗಿ ಬರುವುದು ಸ್ಕೂಟರಿನಲ್ಲಿ, ಇಡೀ ದಿನ ಕೂರುವುದು ಎಸಿಯಲ್ಲಿ. ಕಿರುಬೆರಳಿನಷ್ಟು ದೊಡ್ಡ ಟ್ಯೂಬ್ ಒಂದನ್ನು ಮೇಜಿನ ಮೇಲಿಟ್ಟರು. 15 ಗ್ರಾಂ, 900 ರೂಪಾಯಿ. "ಡಾಕ್ಟ್ರೇ, ಕಣ್ಣಿನ ಮೂಲೆಯಲ್ಲಿ ಗೆರೆ ಬಂದಿದೆ. ಇದಕ್ಕೆ ಐ ಕ್ರೀಮೇ ಆಗ್ಬೇಕಾ, ಮುಖಕ್ಕೆ ಹಚ್ಚುವುದು ಸಾಕಾಗುದಿಲ್ವಾ?" ಅಂತ ಕೇಳಿದರು.

ನಾನು ಮೊದಲು ಅವರ ಕೈಗೆ ಕನ್ನಡಿ ಕೊಟ್ಟೆ. ನಗಿ ಅಂದೆ, ಗೆರೆ ಬಂತು. ನಗು ನಿಲ್ಲಿಸಿ ಅಂದೆ. ಮೂಲೆಯಲ್ಲಿ ಎರಡು ಗೆರೆ ಹಾಗೇ ಉಳಿದವು. ಕಣ್ಣಿನ ಕೆಳಗೆ ಸುಕ್ಕಿದ ಕಾಗದದ ಹಾಗೆ ಸಣ್ಣ ಸಣ್ಣ ಗೆರೆಗಳೂ ಕಂಡವು. ಅಲ್ಲಿಗೆ ಸ್ವಲ್ಪ ಮಾಯಿಶ್ಚರೈಸರ್ ಹಚ್ಚಿ ಅರ್ಧ ಗಂಟೆ ಹೊರಗೆ ಕೂರಿಸಿದೆ. ಮತ್ತೆ ನೋಡಿದರೆ ಕೆಳಗಿನ ಸಣ್ಣ ಗೆರೆಗಳು ಅರ್ಧಕ್ಕರ್ಧ ಮಾಯ. ಮೂಲೆಯ ಎರಡು ಗೆರೆ ಅಲುಗಾಡಲಿಲ್ಲ. ಈ ಪರೀಕ್ಷೆ ನೀವು ಮನೆಯಲ್ಲೇ ಮಾಡಬಹುದು. ಹಚ್ಚಿದ ಮೇಲೆ ಮಸುಕಾದದ್ದು ಒಣಗಿದ ಚರ್ಮದ ಗೆರೆ. ಹಚ್ಚಿದ ಮೇಲೂ, ನಗದೇ ಇದ್ದಾಗಲೂ ಉಳಿಯುವುದು ವಯಸ್ಸಿನ, ಬಿಸಿಲಿನ ಗೆರೆ.

ರೆಪ್ಪೆಯ ಚರ್ಮದ ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು, ಅಷ್ಟೇ. ಎಣ್ಣೆ ಒಸರುವ ಗ್ರಂಥಿಗಳು ಅಲ್ಲಿ ಕಡಿಮೆ. ಅದರ ಅಡಿಯಲ್ಲಿ ಕಣ್ಣಿನ ಸುತ್ತ ಬಳೆಯ ಹಾಗೆ ಒಂದು ಸ್ನಾಯು ಉಂಟು. ನಕ್ಕಾಗ, ಬಿಸಿಲಿಗೆ ಕಣ್ಣು ಕಿರಿದು ಮಾಡಿದಾಗ ಅದು ಚರ್ಮವನ್ನು ಮಡಚುತ್ತದೆ. ಹಾಗಾಗಿ ವಯಸ್ಸು ಇಲ್ಲಿ ಬೇಗ ಕಾಣುತ್ತದೆ.

ಸರಿ, ಟ್ಯೂಬಿನ ವಿಷಯ. ಹಿಂದಿನ ಅಕ್ಷರಗಳನ್ನು ಇಬ್ಬರೂ ಓದಿದೆವು. ನೀರು, ಗ್ಲಿಸರಿನ್, ಹೈಯಲುರಾನಿಕ್ ಆಸಿಡ್, ಒಂದಷ್ಟು ಮೇಣ, ಕೊನೆಗೆ ಪರಿಮಳ. ಅವರು ಮುಖಕ್ಕೆ ಹಚ್ಚುತ್ತಿದ್ದದ್ದು 100 ಗ್ರಾಮಿಗೆ 350 ರೂಪಾಯಿಯದು. ಅದರಲ್ಲೂ ಗ್ಲಿಸರಿನ್ ಇತ್ತು, ಜೊತೆಗೆ ಚರ್ಮದ ತೇವ ಹಿಡಿದಿಡುವ ಸೆರಮೈಡ್ ಇತ್ತು, ಪರಿಮಳ ಇರಲಿಲ್ಲ. ಒಂದು ಗ್ರಾಮಿಗೆ ಇದು ಮೂರೂವರೆ ರೂಪಾಯಿ, ಅದು 60 ರೂಪಾಯಿ!

"ದುಡ್ಡು ಕೊಟ್ಟು ತಂದಾಗಿದೆ ಡಾಕ್ಟ್ರೇ" ಅಂದರು. ಹಾಗಾದರೆ ಎಡಗಣ್ಣಿಗೆ ಐ ಕ್ರೀಮ್, ಬಲಗಣ್ಣಿಗೆ ಮುಖದ ಕ್ರೀಮ್, ಆರು ವಾರ ಹಚ್ಚಿ ನೋಡಿ ಅಂದೆ. ಒಂದು ಕಣ್ಣಿಗೆ ಅಕ್ಕಿಕಾಳಿನಷ್ಟು ಸಾಕು. ಉಂಗುರ ಬೆರಳಿನಲ್ಲಿ ಮೆಲ್ಲಗೆ ತಟ್ಟಬೇಕು, ಉಜ್ಜಬಾರದು. ಕಣ್ಣಿನ ಸುತ್ತ ಮೂಳೆ ಕೈಗೆ ಸಿಗುತ್ತದಲ್ವಾ, ಅದರ ಮೇಲೆ ಮಾತ್ರ. ಕ್ರೀಮ್ ತಾನಾಗಿ ಸ್ವಲ್ಪ ಹರಡುತ್ತದೆ. ರೆಪ್ಪೆಯ ಅಂಚಿಗೇ ಹಚ್ಚಿದರೆ ಕಣ್ಣು ಉರಿಯುತ್ತದೆ. ವಾರಕ್ಕೊಮ್ಮೆ ಅದೇ ಕಿಟಕಿಯ ಬಳಿ, ಅದೇ ಹೊತ್ತಿಗೆ, ನಗದೆ ಒಂದು ಫೋಟೋ.

ಆರು ವಾರದ ಫೋಟೋಗಳಲ್ಲಿ ಎರಡೂ ಕಡೆ ಸಣ್ಣ ಗೆರೆ ಒಂದೇ ಹಾಗೆ ಕಡಿಮೆಯಾಗಿತ್ತು. ಮೂಲೆಯ ಗೆರೆ ಎರಡೂ ಕಡೆ ಇದ್ದ ಹಾಗೇ. ಎಡಗಣ್ಣಿನ ಕೆಳಗೆ ಮಾತ್ರ ಸಾಸಿವೆಗಿಂತ ಚಿಕ್ಕ ಎರಡು ಬಿಳಿ ಕಾಳುಗಳು ಎದ್ದಿದ್ದವು. ಇದನ್ನು ಮಿಲಿಯಾ ಅನ್ನುತ್ತೇವೆ. ದಪ್ಪ ಕ್ರೀಮಿನಿಂದ ಹೀಗಾಗುವುದುಂಟು. ನಮ್ಮ ಕರಾವಳಿಯ ಸೆಕೆಗೆ ದಪ್ಪನೆಯದು ಅಷ್ಟಾಗಿ ಹೊಂದುವುದಿಲ್ಲ ಮಾರಾಯ್ರೆ. ಆ ಕಾಳುಗಳನ್ನು ಚುಚ್ಚಬೇಡಿ, ಹಿಂಡಬೇಡಿ. ಆ ಕ್ರೀಮ್ ಹಚ್ಚುವುದನ್ನು ನಿಲ್ಲಿಸಿ ಕಾಯಿರಿ. ಹೋಗದಿದ್ದರೆ ನಾವು ತೆಗೆದುಕೊಡುತ್ತೇವೆ.

ಹಾಗಂತ ಐ ಕ್ರೀಮ್ ಪೂರ್ತಿ ದಂಡ ಅಂತ ನಾನು ಹೇಳುವುದಿಲ್ಲ. ಕೆಫೀನ್ ಇರುವುದು ಬೆಳಗಿನ ಊತವನ್ನು ಸ್ವಲ್ಪ ಹೊತ್ತಿಗೆ ಇಳಿಸಬಹುದು. ಮೂಲೆಯ ಗೆರೆಗೆ ಕೆಲಸ ಮಾಡುವುದು ರೆಟಿನಾಲ್, ಅಂದರೆ ವಿಟಮಿನ್ ಎ ಯ ಒಂದು ರೂಪ. ಮುಖದ ರೆಟಿನಾಲ್ ಕಣ್ಣಿನ ಹತ್ತಿರ ಖಾರವಾಗಬಹುದು. ಕಣ್ಣಿಗಾಗಿ ಮಾಡಿದ್ದರಲ್ಲಿ ಪ್ರಮಾಣ ಸಾಮಾನ್ಯವಾಗಿ ಕಡಿಮೆ. ಇಲ್ಲಿ ಬೇರೆ ಟ್ಯೂಬಿಗೆ ಅರ್ಥ ಉಂಟು. ಮೊದಲು ಮಾಯಿಶ್ಚರೈಸರ್, ಅದರ ಮೇಲೆ ಇದು, ವಾರಕ್ಕೆ ಎರಡು ರಾತ್ರಿ. ಸಿಪ್ಪೆ ಎದ್ದರೆ, ಉರಿದರೆ ನಿಲ್ಲಿಸಿ. ಮೂರು ತಿಂಗಳಾದರೂ ಹಚ್ಚಿದ ಮೇಲೆ ಫಲ ನೋಡಬೇಕು. ಆಗಲೂ ಗೆರೆ ತೆಳುವಾದೀತು, ಅಳಿಸಿಹೋಗುವುದಿಲ್ಲ. ಬಸುರಿಯರು, ಮಗುವಿಗೆ ಪ್ರಯತ್ನಿಸುತ್ತಿರುವವರು ರೆಟಿನಾಲ್ ಮುಟ್ಟಬಾರದು. ಕಣ್ಣಡಿಯ ಕಪ್ಪು ಬೇರೆಯೇ ಕಥೆ, ಅದಕ್ಕೆ ಇನ್ನೊಂದು ದಿನ ಬೇಕು.

ಅವರಿಗೆ ನಾನು ಬರೆದುಕೊಟ್ಟ ಮೊದಲ ಸಾಲು ಸನ್‌ಸ್ಕ್ರೀನ್, ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಜಾಸ್ತಿ. "ಬೆವರಿನ ಜೊತೆ ಕಣ್ಣಿಗೆ ಇಳಿದು ಉರಿತದೆ ಡಾಕ್ಟ್ರೇ" ಅಂದರು. ನಿಜ, ಮಂಗಳೂರಲ್ಲಿ ಇದು ದೊಡ್ಡ ತೊಂದರೆ. ಕಣ್ಣಿನ ಸುತ್ತ ಝಿಂಕ್ ಆಕ್ಸೈಡ್ ಇರುವುದನ್ನು ಹಾಕಿ ಅಂದೆ, ಉರಿ ಕಡಿಮೆ. ಸ್ಕೂಟರಿಗೆ ಅಗಲದ ತಂಪು ಕನ್ನಡಕ. ಮೋಡವಿದ್ದರೂ ಎರಡನ್ನೂ ಬಿಡಬೇಡಿ, ಮೋಡ ಆ ಕಿರಣಗಳನ್ನು ಪೂರ್ತಿ ತಡೆಯುವುದಿಲ್ಲ.

ಉಳಿದ ಐ ಕ್ರೀಮ್ ಏನು ಮಾಡಿದಿರಿ ಅಂತ ಆಮೇಲೊಮ್ಮೆ ಕೇಳಿದೆ. ಒಡೆದ ಹಿಮ್ಮಡಿಗೆ ಅವರ ಅತ್ತೆ ಹಚ್ಚಿ ಮುಗಿಸಿದರಂತೆ. ನಮಸ್ಕಾರ.