ಹಾಳೆ ತುಂಬುವಾಗ ಪೆನ್ನು ಮಕ್ಕಳ ಕೈಯಲ್ಲಿರಲಿ

ನಮಸ್ಕಾರ. ಹದಿಹರೆಯದ ಮಕ್ಕಳಿರುವ ಅಪ್ಪ-ಅಮ್ಮಂದಿರು, ಮಾಸ್ತರರು ಸ್ವಲ್ಪ ಕೇಳಿ. ಸಾಯಬೇಕು ಅನಿಸುತ್ತಿದೆ ಅಂತ ಒಬ್ಬ ಹುಡುಗನೋ ಹುಡುಗಿಯೋ ಹೇಳಿಕೊಂಡಾಗ, ನಾವು ಆಪ್ತಸಮಾಲೋಚಕರು ಅವರ ಪಕ್ಕ ಕೂತು ಒಂದು ಹಾಳೆ ತುಂಬಿಸುತ್ತೇವೆ. ಸುರಕ್ಷತಾ ಯೋಜನೆ ಅಂತ ಅದರ ಹೆಸರು. ಅದರಲ್ಲಿ ಮಕ್ಕಳ ಮಾತೇ ಇರಬೇಕು, ನಮ್ಮದಲ್ಲ.

ಗದಗ ಕಡೆಯ ಒಬ್ಬ ಪಿಯುಸಿ ಹುಡುಗ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಮೊದಲ ಪ್ರಶ್ನೆ, ಕಷ್ಟದ ಹೊತ್ತು ಬರ್ತಿದೆ ಅಂತ ನಿನಗೆ ಹೇಗೆ ಗೊತ್ತಾಗುತ್ತೆ? ‘ಬೇಜಾರಾದಾಗ’ ಅಂತ ಬರೆದ. ಬೇಜಾರು ಯಾರಿಗಿಲ್ಲ ಹೇಳಿ! ಹೋದ ಸಲ ಮೊದಲು ಏನಾಯ್ತು ನೆನಪು ಮಾಡ್ಕೋ ಅಂದೆ. ಸುಮ್ನೆ ಕೂತ. ಆಮೇಲೆ, ‘ಡಬ್ಬಿ ಬಿಚ್ಚದೆ ಮನೆಗೆ ತರ್ತೀನ್ರಿ, ಗೆಳೆಯರ ಮೆಸೇಜ್ ನೋಡಲ್ರಿ’ ಅಂದ. ಅದನ್ನೇ ಬರೆಸಿದೆ. ಈಗ ಅವನ ಅವ್ವನಿಗೂ ತುಂಬಿದ ಡಬ್ಬಿ ಕಂಡರೆ ವಿಷಯ ಗೊತ್ತಾಗುತ್ತೆ.

ಒಬ್ಬನೇ ಇದ್ದಾಗ ಏನು ಮಾಡ್ತೀಯ ಅನ್ನೋದಕ್ಕೆ ‘ಧ್ಯಾನ’ ಅಂತ ಬರೆದ. ಮಾಡ್ತೀಯೇನಪಾ? ‘ಇಲ್ರಿ ಮೇಡಂ, ನಿಮಗೆ ಚಲೋ ಅನಸ್ತದ ಅಂತ ಬರದೆ.’ ನೋಡಿ, ಇದೇ ತೊಂದರೆ. ನಮ್ಮನ್ನು ಮೆಚ್ಚಿಸೋಕೆ ಬರೆದದ್ದು ರಾತ್ರಿ ಹನ್ನೊಂದಕ್ಕೆ ಕೆಲಸಕ್ಕೆ ಬರಲ್ಲ. ಧ್ಯಾನ ಹೊಡೆದುಹಾಕಿ, ಸೈಕಲ್ ಬಿಚ್ಚಿ ಚೈನಿಗೆ ಎಣ್ಣೆ ಹಾಕ್ತೀನಿ ಅಂತ ಬರೆದ. ರಾತ್ರಿ ಅದು ಆಗುತ್ತಾ, ಏನು ಅಡ್ಡ ಬರುತ್ತೆ ಅಂತ ಕೇಳಿದೆ. ಪಡಸಾಲೆಯ ದೀಪ ಹಾಕಿದರೆ ಅಪ್ಪ ಬೈತಾರಂತೆ. ಅಪ್ಪನನ್ನೇ ಒಳಗೆ ಕರೆದು ಒಪ್ಪಿಸಿದೆವು.

ಮನಸ್ಸು ಬೇರೆ ಕಡೆ ಹೊರಳಿಸೋಕೆ ಯಾರ ಹತ್ತಿರ ಹೋಗ್ತೀಯ, ಬಾಯಿಬಿಟ್ಟು ಸಹಾಯ ಯಾರನ್ನು ಕೇಳ್ತೀಯ, ಇವು ಎರಡು ಬೇರೆ ಪ್ರಶ್ನೆ. ಮೊದಲನೆಯದಕ್ಕೆ ಕ್ರಿಕೆಟ್ ಗೆಳೆಯರು. ಎರಡನೆಯದಕ್ಕೆ ಸೋದರಮಾವ. ಮಾವನಿಗೆ ಅಲ್ಲೇ ಫೋನ್ ಹಚ್ಚಿಸಿದೆ, ತನ್ನ ಹೆಸರು ಈ ಹಾಳೆಯಲ್ಲಿದೆ ಅಂತ ಅವರಿಗೂ ಗೊತ್ತಿರಬೇಕಲ್ವಾ. ರಾತ್ರಿ ಪಾಳಿ ಇದ್ದರೆ ಫೋನ್ ತೆಗೆಯೋಕಾಗಲ್ಲ ಅಂದರು, ಹಾಗಾಗಿ ಅತ್ತೆಯ ನಂಬರೂ ಸೇರಿತು.

ಹೊತ್ತಾಯಿತು, ಉಳಿದದ್ದು ಬೇಗ ಹೇಳ್ತೀನಿ. ಹೊಲದ ಔಷಧಿ, ಮನೆಯ ಮಾತ್ರೆಗಳಿಗೆ ಬೀಗ ಹಾಕಿ ಕೀಲಿ ದೊಡ್ಡವರು ಇಟ್ಟುಕೊಳ್ಳಬೇಕು. ಆ ಕೆಲಸ ಮಗುವಿನದಲ್ಲ. ‘ಹಂಗ ಮಾಡಂಗಿಲ್ಲ’ ಅಂತ ಆಣೆ ಹಾಕಿಸಬೇಡಿ, ದಯವಿಟ್ಟು. ಆಣೆ ಹಾಕಿದ ಮಗು ಮುಂದಿನ ಸಲ ಮುಚ್ಚಿಡುತ್ತೆ ಅಷ್ಟೇ. ಹಾಳೆಯ ಫೋಟೋ ಅವರ ಫೋನಿನಲ್ಲಿರಲಿ. ಈಗಲೇ ಅಪಾಯ ಅನಿಸಿದರೆ ಹಾಳೆ ಹುಡುಕುತ್ತಾ ಕೂರಬೇಡಿ, ಮಗುವನ್ನು ಒಂಟಿ ಬಿಡದೆ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಇಲ್ಲಾಂದ್ರೆ 112ಕ್ಕೆ ಫೋನ್ ಮಾಡಿ. ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನೋ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡು ಬೀಳಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ನಂಬರ್ ಬರ್ಕೊಳ್ಳಿ, 14416. ಇನ್ನೊಮ್ಮೆ, 14416.