ಹುಳಿ ಹಾಕಿ ತಿಕ್ಕಬೇಡಿ, ಹಾಗೇ ತನ್ನಿ

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಬಂದಿದ್ದೀರಿ, ತುಂಬ ಖುಷಿಯಾಯಿತು. ಕೊಡೆಗಳನ್ನು ದಯವಿಟ್ಟು ಜಗಲಿಯ ಬಕೆಟಿನಲ್ಲೇ ಇಡಿ. ಒಳಗೆ ಪುಸ್ತಕಗಳೂ ಇವೆ, ಕಬ್ಬಿಣದ ಸಾಮಾನುಗಳೂ ಇವೆ. ಎರಡಕ್ಕೂ ನೀರು ಆಗದು.

ಉಡುಪಿಯ ನಮ್ಮ ಈ ಗ್ರಂಥಾಲಯದಲ್ಲಿ ಇವತ್ತು ನಾಲ್ಕು ಮೇಜು ತುಂಬ ನಿಮ್ಮದೇ ಮನೆಗಳ ಹಳೇ ಸಾಮಾನು, ಎಲ್ಲರೂ ನೋಡಲೆಂದು ಇಟ್ಟಿದ್ದೇವೆ. ಉಪ್ಪಿನಕಾಯಿ ಭರಣಿ, ಲಾಟೀನು, ಮುಟ್ಟಾಳೆ, ಕಾಯಿ ಹೆರೆಯುವ ಮಣೆ. ಎಲ್ಲದರ ಬಗ್ಗೆ ಹೇಳುತ್ತಾ ಹೋದರೆ ನೀವು ನೋಡುವುದು ಯಾವಾಗ? ಎರಡರ ಬಗ್ಗೆ ಮಾತ್ರ ಹೇಳುತ್ತೇನೆ.

ಮೊದಲನೆಯದು ಆ ಹಿತ್ತಾಳೆಯ ಕೊಡಪಾನ. ಕೊಟ್ಟ ಮನೆಯವರು ಅದನ್ನು ತರುವ ಮೊದಲು ಎರಡು ದಿನ ಕೂತು ಹುಣಸೆಹುಳಿ, ಬೂದಿ ಹಾಕಿ ತಿಕ್ಕಿದ್ದರು. ಬಂಗಾರದ ಹಾಗೆ ಹೊಳೆಯುತ್ತಿತ್ತು. ಪ್ರೀತಿಯಿಂದಲೇ ಮಾಡಿದ್ದು. ಆದರೆ ಕುತ್ತಿಗೆಯ ಹತ್ತಿರ ಕೈಯಾಡಿಸಿದಾಗ ಏನೋ ತರಿತರಿಯಾಗಿ ಸಿಕ್ಕಿತು. ಹಿಂದೆ ಪಾತ್ರೆಗೆ ಹೆಸರು ಹಾಕಿಸುತ್ತಿದ್ದರಲ್ವಾ, ಚಿಕ್ಕ ಉಳಿಯಿಂದ ಚುಕ್ಕೆ ಚುಕ್ಕೆ ಹೊಡೆದು? ಅದೇ. ನೇರ ಬೆಳಕಿನಲ್ಲಿ ಏನೂ ಕಾಣಲಿಲ್ಲ. ದೀಪ ಆರಿಸಿ, ಟಾರ್ಚನ್ನು ಪಾತ್ರೆಯ ಮೈಗೆ ತಾಗುವಷ್ಟು ಓರೆಯಾಗಿ ಹಿಡಿದೆವು. ಪ್ರತಿ ಚುಕ್ಕೆಗೂ ಒಂದು ನೆರಳು ಬಿತ್ತು. ಕೊನೆಯ ಎರಡು ಅಕ್ಷರ ಸ್ಪಷ್ಟವಾಗಿ ಓದಲಿಕ್ಕೆ ಬಂತು: ‘ಮ್ಮಕ್ಕ’. ಅದಕ್ಕಿಂತ ಮೊದಲಿನ ಅಕ್ಷರಗಳು ಸವೆದು ಹೋಗಿವೆ.

ಹುಳಿ ಮೇಲಿನ ಕಪ್ಪನ್ನು ಕರಗಿಸುತ್ತದೆ. ಬೂದಿ ಲೋಹವನ್ನೇ ಸ್ವಲ್ಪ ಸ್ವಲ್ಪ ಉಜ್ಜಿ ತೆಗೆಯುತ್ತದೆ. ಚುಕ್ಕೆಗಳ ಆಳವೇ ಕೂದಲೆಳೆಯಷ್ಟು. ದಿನಬಳಕೆಯಲ್ಲಿ ವರ್ಷಾನುಗಟ್ಟಲೆ ತಿಕ್ಕಿ ಅರ್ಧ ಸವೆದಿತ್ತು, ಕೊನೆಯ ಎರಡು ದಿನ ಎಷ್ಟು ಹೋಯಿತೋ. ಆ ಮನೆಯಲ್ಲಿ ‘ಮ್ಮಕ್ಕ’ ಎಂದು ಮುಗಿಯುವ ಹೆಸರಿನವರು ಇಬ್ಬರಿದ್ದರಂತೆ, ಅಜ್ಜಿ ಮತ್ತು ಅಜ್ಜಿಯ ಅತ್ತೆ. ಕೊಡಪಾನ ಯಾರ ಮದುವೆಯದ್ದು ಎಂದು ಈಗ ಹೇಳುವ ಹಾಗಿಲ್ಲ. ಚೀಟಿಯಲ್ಲಿ ನಾವು ಇಬ್ಬರ ವಿಷಯವನ್ನೂ ಬರೆದಿದ್ದೇವೆ.

ಹಾಗಾಗಿ ಇನ್ನು ಕೊಡುವವರಲ್ಲಿ ಒಂದೇ ಕೇಳಿಕೆ. ಒಣ ಬಟ್ಟೆಯಲ್ಲಿ ಧೂಳು ಒರೆಸಿ, ಸಾಕು. ಕಪ್ಪು ಇದ್ದರೆ ಇರಲಿ. ಮುಟ್ಟಿದರೆ ಉದುರುವ ತಿಳಿ ಹಸಿರು ಪುಡಿ ಕಂಡರೆ ಮಾತ್ರ ಮೊದಲೇ ಹೇಳಿ. ನಮ್ಮ ಕಡಲ ಉಪ್ಪುಗಾಳಿಗೆ ಅದು ಒಳಗೊಳಗೇ ತಿನ್ನುತ್ತಿರಬಹುದು.

ಎರಡನೆಯದು ಮರದ ಸೇರು. ಇದು ಬಂದಾಗ ನಮಗೆ ನಿಜವಾಗಿ ಹೆದರಿಕೆಯಾಯಿತು. ಅಡಿಯಲ್ಲಿ ಗುಂಡುಸೂಜಿ ತೂರುವಷ್ಟು ಸಣ್ಣ ತೂತುಗಳು. ಹುಳ ಇನ್ನೂ ಜೀವಂತ ಇದ್ದು ಕಪಾಟಿಗೆ ಹತ್ತಿದರೆ? ಒಳಗೆ ತರಲೇ ಇಲ್ಲ. ಕರಿ ಕಾಗದದ ಮೇಲೆ ಇಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಜಗಲಿಯಲ್ಲಿ ಇಟ್ಟೆವು. ಮೂರನೇ ದಿನ ಕಾಗದದ ಮೇಲೆ ಹಿಟ್ಟಿನಂಥ ಹೊಸ ಪುಡಿ! ಹಳೇ ತೂತು ಅಂದರೆ ಹುಳ ಇದೆ ಅಂತಲ್ಲ. ಹೊಸ ಪುಡಿ ಬಿದ್ದರೆ ಅನುಮಾನ ಪಡಲೇಬೇಕು. ಚೀಲದ ಸಮೇತ ಎರಡು ವಾರ ಒಬ್ಬರ ಮನೆಯ ಡೀಪ್ ಫ್ರೀಜರಿನಲ್ಲಿಟ್ಟೆವು, ಸೊನ್ನೆಗಿಂತ 18 ಡಿಗ್ರಿ ಕೆಳಗೆ. ಹೊರಗೆ ತೆಗೆದ ಮೇಲೂ ಚೀಲ ಪೂರ್ತಿ ಒಂದು ದಿನ ಬಿಚ್ಚಲಿಲ್ಲ, ಬಿಚ್ಚಿದ್ದರೆ ತಣ್ಣಗಿನ ಮರದ ಮೇಲೆ ನೀರು ಕೂರುತ್ತಿತ್ತು. ಆಮೇಲೆ ಮತ್ತೆ ಕರಿ ಕಾಗದದ ಮೇಲೆ ಒಂದು ತಿಂಗಳು. ಪುಡಿ ಬೀಳಲಿಲ್ಲ. ಆಮೇಲೆಯೇ ಮೇಜಿಗೆ ಬಂದದ್ದು.

ನಮ್ಮ ಕಡೆ ಹದಿನಾಲ್ಕು ಸೇರು ಒಂದು ಕಳಸೆ, ಮೂರು ಕಳಸೆ ಒಂದು ಮುಡಿ. ಅಂದರೆ ಒಂದು ಮುಡಿ ಅಕ್ಕಿಗೆ ಈ ಸೇರು 42 ಸಲ ತುಂಬಿ ಬರಿದಾಗಬೇಕು. 1956ರ ಕಾನೂನಿನ ನಂತರ ಹಂತ ಹಂತವಾಗಿ ಕಿಲೋ, ಲೀಟರ್ ಬಂತು. ಮನೆಗಳಲ್ಲಿ ಮಾತ್ರ ಸೇರು ಆಮೇಲೂ ತುಂಬಾ ವರ್ಷ ಬಳಕೆಯಲ್ಲಿತ್ತು. ಕೊಟ್ಟ ಅಮ್ಮ ಇಲ್ಲೇ ಎದುರಿನ ಸಾಲಿನಲ್ಲಿದ್ದಾರೆ. ಅಳೆಯುವಾಗ ಅವರ ಮನೆಯಲ್ಲಿ ಯಾರೂ ‘ಒಂದು’ ಎನ್ನುತ್ತಿರಲಿಲ್ಲವಂತೆ. ‘ಲಾಭ, ಎರಡು, ಮೂರು’ ಎಂದೇ ಎಣಿಕೆ. ಈ ಮಾತು ಸೇರಿನ ಮೇಲೆ ಎಲ್ಲೂ ಕೊರೆದಿಲ್ಲ. ಅವರು ಹೇಳಿದ್ದಕ್ಕೆ ನಮಗೆ ಸಿಕ್ಕಿತು. ಅದನ್ನೂ ಚೀಟಿಯಲ್ಲಿ ಬರೆದಿದ್ದೇವೆ.

ಹಿತ್ತಾಳೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನ ಗುರುತು ಉಳಿಯುತ್ತದೆ. ಸೇರನ್ನು ಧಾರಾಳವಾಗಿ ಎತ್ತಿ ನೋಡಿ, ಪಕ್ಕದಲ್ಲಿ ಅಕ್ಕಿಯೂ ಇದೆ. ಕೊಡಪಾನದ ಹತ್ತಿರ ಟಾರ್ಚ್ ಇಟ್ಟಿದ್ದೇವೆ. ಕಣ್ಣು ಚುರುಕಾದ ಮಕ್ಕಳು ಓರೆ ಹಿಡಿದು ನೋಡಿ. ‘ಮ್ಮಕ್ಕ’ಕ್ಕಿಂತ ಮೊದಲಿನ ಅಕ್ಷರ ಯಾರಿಗಾದರೂ ಕಂಡರೆ ಬಾಗಿಲ ಹತ್ತಿರದ ಪುಸ್ತಕದಲ್ಲಿ ಬರೆಯಿರಿ. ಈಗ ಅಮ್ಮ ಮೊದಲ ಸೇರು ಅಳೆಯುತ್ತಾರೆ. ಬನ್ನಿ ಅಮ್ಮ.